ಮೂರನೆಯ ಭೇಟಿಯ ಹೊತ್ತಿಗೆ

ಎರಡನೆಯ ವಾರವೂ ಆಕೆ ಹಾಳೆಯನ್ನು ಖಾಲಿಯಾಗಿಯೇ ತಂದಿದ್ದರು. ಅದು ಖಿನ್ನತೆಗೆ ನೀಡುವ ಅರಿವಿನ ಚಿಕಿತ್ಸೆಯಲ್ಲಿ ಎಲ್ಲರೂ ಬಳಸುವ ಹಾಳೆ. ಮನಸ್ಸು ಕುಗ್ಗಿದ ಸಂದರ್ಭ ಯಾವುದು, ಆಗ ತಲೆಯಲ್ಲಿ ಸುಳಿದ ಯೋಚನೆ ಯಾವುದು, ಅದು ನಿಜ ಎನ್ನುವುದಕ್ಕೆ ಪುರಾವೆ ಏನು, ನಿಜವಲ್ಲ ಎನ್ನುವುದಕ್ಕೆ ಪುರಾವೆ ಏನು ಎಂದು ಅಂಕಣಗಳಲ್ಲಿ ಬರೆದುಕೊಳ್ಳಬೇಕು. ಆಕೆಯ ಅಣ್ಣ ಹೃದಯಾಘಾತದಿಂದ ತೀರಿಕೊಂಡು ಏಳು ತಿಂಗಳಾಗಿತ್ತು. ಆ ರಾತ್ರಿ ಅವರು ತಂಗಿಗೆ ಮಾಡಿದ್ದ ಕರೆಯನ್ನು ಆಕೆ, ದಣಿದಿದ್ದರಿಂದ, ಬೆಳಿಗ್ಗೆ ಮಾತನಾಡಿದರಾಯಿತು ಎಂದು ಬಿಟ್ಟುಬಿಟ್ಟಿದ್ದರು. 'ನಾನು ಫೋನ್ ಎತ್ತಿದ್ದರೆ ಅವನು ಉಳಿಯುತ್ತಿದ್ದ' ಎಂಬ ಒಂದೇ ಯೋಚನೆ ಅಂದಿನಿಂದ ಬಿಟ್ಟಿರಲಿಲ್ಲ. ಈ ಯೋಚನೆಯನ್ನು ಹಾಳೆಯ ಮೇಲೆ ಇಳಿಸಿ ಪರೀಕ್ಷಿಸುವುದೇ ದಾರಿ ಎಂದು ನನಗೆ ಖಚಿತವಾಗಿತ್ತು. ಆದ್ದರಿಂದ ಆ ನಾಲ್ಕನೆಯ ಭೇಟಿಯಲ್ಲಿ ನಾನು ಹಾಳೆಯ ಉದ್ದೇಶವನ್ನು ಮತ್ತೊಮ್ಮೆ ವಿವರಿಸಿದೆ, ಮೊದಲ ಸಾಲನ್ನು ಇಬ್ಬರೂ ಸೇರಿ ತುಂಬೋಣ ಎಂದೆ, ತುಂಬಿಸಿದೆ. ಆಕೆ ತಲೆಯಾಡಿಸಿ, 'ನೀವು ಹೇಳುವುದು ಸರಿ ಮೇಡಂ, ಮುಂದಿನ ವಾರ ಖಂಡಿತ ಬರೆದುಕೊಂಡು ಬರುತ್ತೇನೆ' ಎಂದರು. ಭೇಟಿ ಚೆನ್ನಾಗಿಯೇ ನಡೆಯಿತು ಎಂದು ನಾನು ಟಿಪ್ಪಣಿಯಲ್ಲಿ ಬರೆದುಕೊಂಡೆ.

ಚೆನ್ನಾಗಿ ನಡೆದಿರಲಿಲ್ಲ ಎಂಬುದು ತಿಳಿದದ್ದು ಆಕೆ ಹೊರಡುವ ಮುನ್ನ ತುಂಬಿಕೊಟ್ಟಿದ್ದ ಹನ್ನೆರಡು ಪ್ರಶ್ನೆಗಳ ಪುಟ್ಟ ನಮೂನೆಯಿಂದ. ಪ್ರತಿ ಪ್ರಶ್ನೆಗೆ 1ರಿಂದ 5ರವರೆಗೆ ಅಂಕ. ಚಿಕಿತ್ಸಕಿ ನನ್ನನ್ನು ಗೌರವಿಸುತ್ತಾರೆ, ನನ್ನ ಬಗ್ಗೆ ಅವರಿಗೆ ಕಾಳಜಿಯಿದೆ ಎಂಬಂಥ ನಾಲ್ಕು ಸಾಲುಗಳಿಗೆ ಆಕೆ 20ಕ್ಕೆ 17 ಕೊಟ್ಟಿದ್ದರು. ನಾವು ಇಲ್ಲಿ ಮಾಡುತ್ತಿರುವ ಕೆಲಸ ನನ್ನ ತೊಂದರೆಗೆ ಸರಿಯಾದ ಕೆಲಸ ಎಂಬ ಅರ್ಥದ ನಾಲ್ಕು ಸಾಲುಗಳಿಗೆ 20ಕ್ಕೆ 8. ಬಾಯಿಯಲ್ಲಿ 'ಸರಿ ಮೇಡಂ' ಎಂದದ್ದನ್ನು ಪೆನ್ನು ಒಪ್ಪಿರಲಿಲ್ಲ. (ಗುರುತು ಸಿಗದಂತೆ ಈ ಪ್ರಸಂಗದ ವಿವರಗಳನ್ನು ಬದಲಿಸಿದ್ದೇನೆ, ಅದರ ಹಂದರ ಮಾತ್ರ ನಡೆದದ್ದೇ.)

ಈ ಎರಡು ಅಂಕಗಳ ನಡುವಿನ ಅಂತರದಿಂದಲೇ ನಾನು ಈ ಬರಹವನ್ನು ಆರಂಭಿಸಲು ಕಾರಣವಿದೆ. 'ಥೆರಪಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬಾಂಧವ್ಯ' ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಆ ಮಾತನ್ನು ಕೇಳಿದವರು ಬಾಂಧವ್ಯವೆಂದರೆ ಚಿಕಿತ್ಸಕರ ಪ್ರೀತಿ, ಮೃದು ಮಾತು, ತಾಳ್ಮೆಯ ಕಿವಿ ಎಂದುಕೊಳ್ಳುವುದು ಸಹಜ. ಆದರೆ ಸಂಶೋಧನೆಗಳು ಅಳೆದಿರುವ ಬಾಂಧವ್ಯ ಅಷ್ಟೇ ಅಲ್ಲ. 1979ರಲ್ಲಿ ಎಡ್ವರ್ಡ್ ಬಾರ್ಡಿನ್ ಎಂಬ ಮನೋವಿಜ್ಞಾನಿ ಅದನ್ನು ಮೂರು ಎಳೆಗಳಾಗಿ ಬಿಡಿಸಿಟ್ಟರು. ಎಲ್ಲಿಗೆ ತಲುಪಬೇಕು ಎಂಬ ಗುರಿಯ ಬಗ್ಗೆ ಇಬ್ಬರಲ್ಲೂ ಒಮ್ಮತ, ಅಲ್ಲಿಗೆ ತಲುಪಲು ವಾರದಿಂದ ವಾರಕ್ಕೆ ಮಾಡುವ ಕೆಲಸದ ಬಗ್ಗೆ ಒಮ್ಮತ, ಮತ್ತು ಇಬ್ಬರ ನಡುವಿನ ನಂಟು. ನನ್ನ ಕೈಯಲ್ಲಿದ್ದ ನಮೂನೆ ಇದೇ ವಿಂಗಡಣೆಯ ಮೇಲೆ ಹಾರ್ವತ್ ಮತ್ತು ಗ್ರೀನ್‌ಬರ್ಗ್ 1989ರಲ್ಲಿ ಪ್ರಕಟಿಸಿದ 36 ಪ್ರಶ್ನೆಗಳ ಮಾಪನದ ಚಿಕ್ಕ ರೂಪ. ಆಕೆಗೂ ನನಗೂ ನಂಟು ಇತ್ತು. ಕೆಲಸದಲ್ಲಿ ಒಮ್ಮತ ಇರಲಿಲ್ಲ. ಆಕೆ ನನ್ನನ್ನು ಇಷ್ಟಪಟ್ಟದ್ದರಿಂದಲೇ ಆ ಭಿನ್ನಾಭಿಪ್ರಾಯವನ್ನು ನುಂಗಿಕೊಂಡರು ಎಂಬುದು ಆಮೇಲೆ ನನಗೆ ಹೊಳೆಯಿತು.

ಎಲ್ಲ ಚಿಕಿತ್ಸೆಗಳಿಗೂ ಸಮಾನವಾದ ಅಂಶಗಳೇ ಗುಣಕ್ಕೆ ಕಾರಣವಿರಬಹುದು ಎಂಬ ವಿಚಾರ ಹಳೆಯದು. 1936ರಲ್ಲೇ ಸಾಲ್ ರೋಸೆನ್‌ಜ್ವೈಗ್, ಒಂದಕ್ಕೊಂದು ವಿರುದ್ಧವಾದ ಸಿದ್ಧಾಂತಗಳನ್ನು ಹಿಡಿದ ಪಂಥಗಳೆಲ್ಲವೂ ತಮ್ಮ ತಮ್ಮ ರೋಗಿಗಳನ್ನು ಗುಣಪಡಿಸಿದ್ದೇವೆ ಎನ್ನುತ್ತಿರುವಾಗ, ಯಾರ ಸಿದ್ಧಾಂತ ನಿಜ ಎಂಬುದನ್ನು ಆ ಗುಣ ಸಾಬೀತು ಮಾಡುವುದಿಲ್ಲ ಎಂದು ಬರೆದರು. ಪಂಥಗಳು ಹೇಳಿಕೊಳ್ಳದ, ಆದರೆ ಎಲ್ಲವೂ ಹಂಚಿಕೊಂಡಿರುವ ಯಾವುದೋ ಅಂಶಗಳು ಒಳಗೊಳಗೆ ಕೆಲಸ ಮಾಡುತ್ತಿರಬಹುದು ಎಂಬುದು ಅವರ ಊಹೆ. 1961ರಲ್ಲಿ ಜೆರೋಮ್ ಫ್ರ್ಯಾಂಕ್ ಆ ಅಂಶಗಳಿಗೆ ಒಂದು ಆಕಾರ ಕೊಟ್ಟರು: ಭರವಸೆ ಹುಟ್ಟಿಸುವ ಒಬ್ಬ ವ್ಯಕ್ತಿಯೊಡನೆ ಸಂಬಂಧ, ಗುಣಪಡಿಸುವುದಕ್ಕೆಂದೇ ಮೀಸಲಾದ ಜಾಗ, ತೊಂದರೆ ಏಕೆ ಬಂತು ಎನ್ನುವುದಕ್ಕೆ ನಂಬಬಹುದಾದ ವಿವರಣೆ, ಮತ್ತು ಆ ವಿವರಣೆಗೆ ಹೊಂದುವ, ಇಬ್ಬರೂ ಕೈಹಾಕಿ ಮಾಡುವ ಒಂದು ಕ್ರಮ. ಇಲ್ಲಿ ಕ್ರಮವೂ ಒಂದು ಅಂಶವೇ ಎಂಬುದನ್ನು ಗಮನಿಸಬೇಕು. ತಂತ್ರ ಬೇಡ, ಸಂಬಂಧ ಸಾಕು ಎಂದು ಫ್ರ್ಯಾಂಕ್ ಹೇಳಲಿಲ್ಲ. ಮಾಡುವುದಕ್ಕೆ ಏನೂ ಇಲ್ಲದ ಕಡೆ ಬಾಂಧವ್ಯ ಬೆಳೆಯುವುದಾದರೂ ಯಾವುದರ ಸುತ್ತ?

ಅಂಕಿಅಂಶಗಳಿಗೆ ಬಂದರೆ, ಈವರೆಗಿನ ದೊಡ್ಡ ಲೆಕ್ಕಾಚಾರಗಳಲ್ಲೊಂದು 2018ರಲ್ಲಿ ಕ್ರಿಸ್ಟೋಫ್ ಫ್ಲೂಕಿಗರ್ ಮತ್ತು ಸಂಗಡಿಗರು ಪ್ರಕಟಿಸಿದ್ದು. 295 ಅಧ್ಯಯನಗಳನ್ನು, 30,000ಕ್ಕೂ ಹೆಚ್ಚು ರೋಗಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಬಾಂಧವ್ಯಕ್ಕೂ ಚಿಕಿತ್ಸೆಯ ಫಲಿತಾಂಶಕ್ಕೂ ಇರುವ ಸಹಸಂಬಂಧ ಸುಮಾರು 0.28 ಎಂದು ಕಂಡುಬಂತು. ಅಂದರೆ ಜನರ ಫಲಿತಾಂಶಗಳಲ್ಲಿ ಕಾಣುವ ಏರುಪೇರಿನಲ್ಲಿ ಶೇ 8ರಷ್ಟು ಮಾತ್ರ ಬಾಂಧವ್ಯದ ಏರುಪೇರಿನೊಡನೆ ಹೆಣೆದುಕೊಂಡಿದೆ. ಇದು ಮೊದಲ ನೋಟಕ್ಕೆ ನಿರಾಸೆ ಹುಟ್ಟಿಸುವ ಸಂಖ್ಯೆ. ಉಳಿದ 92 ಎಲ್ಲಿ ಹೋಯಿತು ಎಂದು ಕೇಳುವಂತಾಗುತ್ತದೆ. ಅದರಲ್ಲಿ ಒಂದು ದೊಡ್ಡ ಪಾಲು ರೋಗಿಯ ಬದುಕಿನಲ್ಲೇ ಇದೆ: ಕಾಯಿಲೆ ಎಷ್ಟು ಹಳೆಯದು, ಮನೆಯಲ್ಲಿ ಆಸರೆಯಿದೆಯೇ, ಕೆಲಸ ಉಳಿದಿದೆಯೇ ಎಂಬುದರಲ್ಲಿ. ಚಿಕಿತ್ಸೆಯ ಕೋಣೆಯೊಳಗೆ ಬಂದು ನೋಡಿದರೆ ಮಾತ್ರ 8ರ ತೂಕ ತಿಳಿಯುತ್ತದೆ. ಬ್ರೂಸ್ ವಾಂಪೋಲ್ಡ್ ಮತ್ತು ಸಂಗಡಿಗರ 1997ರ ಲೆಕ್ಕದಲ್ಲಿ, ಗಂಭೀರವಾಗಿ ರೂಪಿಸಿದ ಎರಡು ಚಿಕಿತ್ಸೆಗಳ ನಡುವಿನ ವ್ಯತ್ಯಾಸಕ್ಕೆ ಹೆಚ್ಚೆಂದರೆ ಶೇ 1ರ ಆಸುಪಾಸಿನ ಪಾಲು ಸಿಗುತ್ತದೆ. ಯಾವ ಪಂಥದ ಚಿಕಿತ್ಸೆ ಎಂಬುದು ಹೇಳುವುದಕ್ಕಿಂತ ಹೆಚ್ಚಿನದನ್ನು ಮೂರನೆಯ ಅಥವಾ ನಾಲ್ಕನೆಯ ಭೇಟಿಯ ಕೊನೆಯಲ್ಲಿ ರೋಗಿ ಗೀಚಿದ ಹನ್ನೆರಡು ಅಂಕಗಳು ಹೇಳುತ್ತವೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಫಲಿತಾಂಶದಲ್ಲಿ ಶೇ 30 ಬಾಂಧವ್ಯದಂಥ ಸಮಾನ ಅಂಶಗಳದ್ದು, ಶೇ 15 ತಂತ್ರದ್ದು, ಶೇ 15 ನಿರೀಕ್ಷೆಯದ್ದು, ಶೇ 40 ಹೊರಗಿನ ಬದುಕಿನದ್ದು ಎಂದು ತೋರಿಸುವ ಒಂದು ವೃತ್ತ ನಕ್ಷೆ ತರಬೇತಿಗಳಲ್ಲಿ ದಶಕಗಳಿಂದ ಓಡಾಡುತ್ತಿದೆ. ಅದು ಮೈಕೆಲ್ ಲ್ಯಾಂಬರ್ಟ್ 1992ರಲ್ಲಿ ಸಂಶೋಧನಾ ಬರಹಗಳನ್ನೆಲ್ಲ ಓದಿ ಕೊಟ್ಟ ಅಂದಾಜು. ಯಾವುದೇ ಸಂಖ್ಯಾಶಾಸ್ತ್ರೀಯ ವಿಧಾನದಿಂದ ಹೊರಬಂದ ಲೆಕ್ಕವಲ್ಲ ಎಂದು ಅವರೇ ಹೇಳಿದ್ದರು. ಅದನ್ನು ಅಳತೆಯೆಂಬಂತೆ ಹಂಚುವುದು ಬಾಂಧವ್ಯದ ಪರವಾದ ವಾದಕ್ಕೇ ಹಾನಿ. ನಿಜವಾಗಿ ಅಳೆದ 8 ಇರುವಾಗ ಅಂದಾಜಿನ 30ರ ಆಸೆ ನಮಗೇಕೆ?

ಸಂಖ್ಯೆಗಿಂತ ಹೆಚ್ಚು ನನ್ನನ್ನು ಯೋಚನೆಗೆ ಹಚ್ಚಿದ್ದು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ನಡೆಸಿದ ಖಿನ್ನತೆಯ ದೊಡ್ಡ ಪ್ರಯೋಗ. ಅದರಲ್ಲಿ ನಾಲ್ಕು ಗುಂಪುಗಳಿದ್ದವು. ಎರಡಕ್ಕೆ ಎರಡು ಬಗೆಯ ಮನೋಚಿಕಿತ್ಸೆ, ಒಂದಕ್ಕೆ ಇಮಿಪ್ರಮಿನ್ ಎಂಬ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಮಾತ್ರೆಯ ಗುಂಪುಗಳೆರಡರಲ್ಲೂ ವೈದ್ಯರು ರೋಗಿಯನ್ನು ನಿಯಮಿತವಾಗಿ ಕಂಡು ಸ್ವಲ್ಪ ಹೊತ್ತು ಮಾತನಾಡಿಸುತ್ತಿದ್ದರು. 1996ರಲ್ಲಿ ಜಾನಿಸ್ ಕ್ರುಪ್ನಿಕ್ ಮತ್ತು ಸಂಗಡಿಗರು ಈ ಭೇಟಿಗಳ ವಿಡಿಯೊ ಮುದ್ರಿಕೆಗಳಿಂದ ಬಾಂಧವ್ಯವನ್ನು ಅಳೆದರು. ನಾಲ್ಕೂ ಗುಂಪುಗಳಲ್ಲಿ ಅದು ಫಲಿತಾಂಶವನ್ನು ಮುನ್ಸೂಚಿಸಿತು, ಮಾತ್ರೆಯ ಗುಂಪಿನಲ್ಲಿಯೂ, ಹುಸಿ ಮಾತ್ರೆಯ ಗುಂಪಿನಲ್ಲಿಯೂ. ಬಾಂಧವ್ಯವೆಂಬುದು ಮಾತಿನ ಚಿಕಿತ್ಸೆಯ ಒಂದು ಭಾಗ ಮಾತ್ರ ಎಂದುಕೊಂಡಿದ್ದವರಿಗೆ ಇದು ಅನಿರೀಕ್ಷಿತ. ಅದರಲ್ಲೂ ರೋಗಿಯ ಕಡೆಯ ಪಾಲು, ಅಂದರೆ ರೋಗಿ ಎಷ್ಟು ತೆರೆದುಕೊಂಡರು, ಎಷ್ಟು ತೊಡಗಿಕೊಂಡರು ಎಂಬುದೇ ಅಲ್ಲಿ ಹೆಚ್ಚು ಮುನ್ಸೂಚಿಸಿತ್ತು.

ಸಂಶಯ ಹುಟ್ಟುವುದೂ ಇಲ್ಲಿಯೇ. ರೋಗಿಯ ಪಾಲೇ ದೊಡ್ಡದಾದರೆ, ಬಾಂಧವ್ಯ ಗುಣಕ್ಕೆ ಕಾರಣವೋ ಅಥವಾ ಗುಣವಾಗಲಿರುವವರ ಲಕ್ಷಣವೋ? ಸುಲಭವಾಗಿ ನಂಬಿಕೆ ಇಡಬಲ್ಲವರು ಯಾರೊಡನೆಯಾದರೂ ಬೇಗ ಬೆರೆತಾರು, ಬೇಗ ಚೇತರಿಸಿಕೊಂಡಾರು. ಇನ್ನೊಂದು ಸಂಶಯ ಇದಕ್ಕಿಂತ ಹರಿತವಾದದ್ದು. ಮೊದಲ ಎರಡು ವಾರಗಳಲ್ಲೇ ನಿದ್ದೆ ಬರತೊಡಗಿ ಮನಸ್ಸು ಹಗುರಾದವರು ಮೂರನೆಯ ವಾರ ಚಿಕಿತ್ಸಕರಿಗೆ ಒಳ್ಳೆಯ ಅಂಕ ಕೊಡುವುದು ಸಹಜವಲ್ಲವೇ? ಹಾಗಿದ್ದರೆ ಗುಣವೇ ಮೊದಲು, ಬಾಂಧವ್ಯ ಅದರ ನೆರಳು. 1990ರಲ್ಲಿ ಡೆರೂಬೈಸ್ ಮತ್ತು ಫೀಲಿ ಖಿನ್ನತೆಯ ಅರಿವಿನ ಚಿಕಿತ್ಸೆಯನ್ನು ಭೇಟಿಯಿಂದ ಭೇಟಿಗೆ ಹಿಂಬಾಲಿಸಿ ನೋಡಿದಾಗ ಕಂಡದ್ದು ಹೆಚ್ಚುಕಡಿಮೆ ಇದೇ ಕ್ರಮ. ಬಾಂಧವ್ಯವನ್ನು ಮಾತ್ರೆಯಂತೆ ಅರ್ಧ ಜನರಿಗೆ ಕೊಟ್ಟು ಉಳಿದರ್ಧಕ್ಕೆ ಕೊಡದೆ ಪ್ರಯೋಗ ಮಾಡಲು ಬರುವುದಿಲ್ಲವಾದ್ದರಿಂದ ಈ ಸಂಶಯಕ್ಕೆ ಒಂದೇ ಏಟಿಗೆ ಉತ್ತರ ಸಿಗುವಂತೆಯೂ ಇಲ್ಲ.

ಆದರೂ ಒಂದು ಜಾಣ ದಾರಿ ಇತ್ತು. ಅದನ್ನು 2007ರಲ್ಲಿ ಸ್ಕಾಟ್ ಬಾಲ್ಡ್‌ವಿನ್, ವಾಂಪೋಲ್ಡ್ ಮತ್ತು ಝಾಕ್ ಐಮೆಲ್ ಹಿಡಿದರು. 80 ಚಿಕಿತ್ಸಕರು ಮತ್ತು ಅವರು ನೋಡಿದ 331 ಜನರ ಅಂಕಗಳನ್ನು ಅವರು ಎರಡು ಪಾಲು ಮಾಡಿದರು. ಒಬ್ಬ ಚಿಕಿತ್ಸಕರ ಎಲ್ಲ ರೋಗಿಗಳ ಅಂಕಗಳ ಸರಾಸರಿ ಬೇರೆ ಚಿಕಿತ್ಸಕರ ಸರಾಸರಿಗಿಂತ ಎಷ್ಟು ಹೆಚ್ಚು ಕಡಿಮೆ ಎಂಬುದು ಮೊದಲ ಪಾಲು. ಅದೇ ಚಿಕಿತ್ಸಕರ ಬಳಿ ಬಂದವರಲ್ಲಿ ಒಬ್ಬರ ಅಂಕ ಇನ್ನೊಬ್ಬರದಕ್ಕಿಂತ ಎಷ್ಟು ಹೆಚ್ಚು ಕಡಿಮೆ ಎಂಬುದು ಎರಡನೆಯ ಪಾಲು. ಬಾಂಧವ್ಯವು ಸುಲಭವಾಗಿ ಬೆರೆಯುವ ರೋಗಿಗಳ ಗುಣ ಮಾತ್ರವಾಗಿದ್ದರೆ ಎರಡನೆಯ ಪಾಲು ಫಲಿತಾಂಶವನ್ನು ಮುನ್ಸೂಚಿಸಬೇಕಿತ್ತು. ಆದದ್ದು ತದ್ವಿರುದ್ಧ. ಮೊದಲ ಪಾಲು ಮುನ್ಸೂಚಿಸಿತು, ಎರಡನೆಯದು ಇಲ್ಲ. ಸರಾಸರಿಯಲ್ಲಿ ಗಟ್ಟಿ ಬಾಂಧವ್ಯ ಕಟ್ಟುವ ಚಿಕಿತ್ಸಕರ ರೋಗಿಗಳು ಹೆಚ್ಚು ಗುಣವಾಗಿದ್ದರು. ಈ ಫಲಿತಾಂಶವನ್ನು ಮೊದಲ ಬಾರಿ ಓದಿದಾಗ ನನಗೆ ಸಮಾಧಾನಕ್ಕಿಂತ ಹೆಚ್ಚಾಗಿ ಕಸಿವಿಸಿಯಾಯಿತು. 'ಆ ರೋಗಿ ಸಹಕರಿಸುವುದಿಲ್ಲ' ಎಂದು ನಾವು ನಮ್ಮನಮ್ಮಲ್ಲಿ ಆಡಿಕೊಳ್ಳುವ ಮಾತಿಗೆ ಅದು ಜಾಗವನ್ನೇ ಬಿಡಲಿಲ್ಲ. ಆಮೇಲಿನ ಕೆಲವು ಅಧ್ಯಯನಗಳು, ಒಬ್ಬನೇ ರೋಗಿಯಲ್ಲಿ ಬಾಂಧವ್ಯ ಎಂದಿಗಿಂತ ಗಟ್ಟಿಯಾದ ವಾರದ ನಂತರ ಲಕ್ಷಣಗಳು ತುಸು ಇಳಿಯುವುದನ್ನೂ, ಲಕ್ಷಣಗಳು ಇಳಿದ ನಂತರ ಬಾಂಧವ್ಯ ಗಟ್ಟಿಯಾಗುವುದನ್ನೂ ತೋರಿಸಿವೆ. ಹರಿವು ಎರಡೂ ಕಡೆಗಿದೆ ಎಂದು ಸದ್ಯಕ್ಕೆ ಹೇಳಬಹುದು.

ಹಾಗಾದರೆ ಆ ಚಿಕಿತ್ಸಕರು ಮಾಡುವುದಾದರೂ ಏನು? ಇದಕ್ಕೆ ಟಿಮೊಥಿ ಆಂಡರ್ಸನ್ ಮತ್ತು ಸಂಗಡಿಗರು 2009ರಲ್ಲಿ ಒಂದು ಸರಳ ಪರೀಕ್ಷೆ ಮಾಡಿದರು. ಚಿಕಿತ್ಸಕರಿಗೆ ಕಷ್ಟದ ರೋಗಿಗಳ ಕಿರು ವಿಡಿಯೊಗಳನ್ನು ತೋರಿಸಿ, ಆ ಕ್ಷಣದಲ್ಲಿ ನೀವು ಏನು ಹೇಳುತ್ತೀರೋ ಅದನ್ನೇ ಹೇಳಿ ಎಂದು ಉತ್ತರಗಳನ್ನು ಮುದ್ರಿಸಿಕೊಂಡರು. ಕೆಣಕುವ, ಮುಖ ತಿರುಗಿಸುವ, ಎಲ್ಲಕ್ಕೂ ಹೂಗುಟ್ಟುವ ರೋಗಿಗಳ ಎದುರು ಯಾರ ಉತ್ತರದಲ್ಲಿ ಬೆಚ್ಚನೆಯ ಸ್ಪಷ್ಟತೆ ಉಳಿದಿತ್ತೋ ಅವರ ನಿಜ ರೋಗಿಗಳ ಫಲಿತಾಂಶ ಉತ್ತಮವಾಗಿತ್ತು. ಸುಲಭದ ರೋಗಿಯ ಎದುರು ಎಲ್ಲರೂ ಒಳ್ಳೆಯ ಚಿಕಿತ್ಸಕರೇ. ವ್ಯತ್ಯಾಸ ಕಾಣುವುದು ನಂಟಿನಲ್ಲಿ ಬಿರುಕು ಮೂಡಿದಾಗ.

ಬಿರುಕುಗಳಲ್ಲಿ ಎರಡು ಬಗೆಯಿವೆ ಎಂದು ಜೆರೆಮಿ ಸಾಫ್ರನ್ ಮತ್ತು ಕ್ರಿಸ್ಟೋಫರ್ ಮುರನ್ ತಮ್ಮ ಕೆಲಸದಲ್ಲಿ ತೋರಿಸಿದ್ದಾರೆ. ಒಂದು ಎದುರಾಗುವುದು: 'ಇದರಿಂದ ನನಗೆ ಏನೂ ಆಗುತ್ತಿಲ್ಲ' ಎಂದು ಸಿಟ್ಟಿನಿಂದ ಹೇಳುವುದು. ಇನ್ನೊಂದು ಹಿಂದೆ ಸರಿಯುವುದು: ವಿಷಯ ಬದಲಿಸುವುದು, ಚುಟುಕಾಗಿ ಉತ್ತರಿಸುವುದು, ಮಿತಿ ಮೀರಿ ಒಪ್ಪಿಕೊಳ್ಳುವುದು. ಎರಡನೆಯದನ್ನು ಗುರುತಿಸುವುದು ಬಹಳ ಕಷ್ಟ, ಏಕೆಂದರೆ ಹೊರಗಿನಿಂದ ಅದು ಸಹಕಾರದಂತೆಯೇ ಕಾಣುತ್ತದೆ. ನನ್ನ ಎದುರು ಖಾಲಿ ಹಾಳೆ ಹಿಡಿದು 'ನೀವು ಹೇಳುವುದು ಸರಿ ಮೇಡಂ' ಎಂದದ್ದು ಇದೇ ಬಗೆ. ಅದಕ್ಕೆ ನಾನು ಕೊಟ್ಟ ಪ್ರತಿಕ್ರಿಯೆಯೂ ಹೊಸದೇನಲ್ಲ. ಲೂಯಿ ಕಾಸ್ಟೊಂಗೆ ಮತ್ತು ಸಂಗಡಿಗರು 1996ರಲ್ಲಿ ಅದನ್ನು ಅಚ್ಚುಕಟ್ಟಾಗಿ ದಾಖಲಿಸಿದ್ದರು. ಖಿನ್ನತೆಯ ಅರಿವಿನ ಚಿಕಿತ್ಸೆಯಲ್ಲಿ ಬಾಂಧವ್ಯ ಬಲವಾಗಿದ್ದಾಗ ಫಲಿತಾಂಶ ಉತ್ತಮವಾಗಿತ್ತು, ಆದರೆ ಯೋಚನೆಗಳ ತಪ್ಪಿನ ಮೇಲೆ ಚಿಕಿತ್ಸಕರು ಹೆಚ್ಚು ಹೆಚ್ಚು ಒತ್ತು ಕೊಟ್ಟಷ್ಟೂ ಫಲಿತಾಂಶ ಕೆಟ್ಟಿತ್ತು. ಏಕೆಂದು ಆ ಭೇಟಿಗಳನ್ನು ಪರಿಶೀಲಿಸಿದಾಗ ತಿಳಿದದ್ದು ಇಷ್ಟು: ಸಂಬಂಧದಲ್ಲಿ ಬಿಗಿತ ಬಂದಾಗ ಕೆಲವು ಚಿಕಿತ್ಸಕರು ಆ ಬಿಗಿತವನ್ನು ಮಾತಿಗೆ ತರುವ ಬದಲು ಚಿಕಿತ್ಸೆಯ ತರ್ಕವನ್ನೇ ಮತ್ತೆ ಮನವರಿಕೆ ಮಾಡಲು ಹೊರಟಿದ್ದರು, ಅಥವಾ ರೋಗಿಯ ಅಸಮಾಧಾನವನ್ನೂ ಇನ್ನೊಂದು ತಪ್ಪು ಯೋಚನೆಯೆಂದು ತಿದ್ದಲು ಹೊರಟಿದ್ದರು. ರೋಗಿ ಮತ್ತಷ್ಟು ಹಿಂದೆ ಸರಿಯುತ್ತಾರೆ, ಚಿಕಿತ್ಸಕರು ಮತ್ತಷ್ಟು ವಿವರಿಸುತ್ತಾರೆ. ನಾಲ್ಕನೆಯ ಭೇಟಿಯಲ್ಲಿ ನಾನು ಮಾಡಿದ್ದು ಅಕ್ಷರಶಃ ಅದನ್ನೇ.

ಐದನೆಯ ಭೇಟಿಯಲ್ಲಿ ನಾನು ಹಾಳೆಯ ಬಗ್ಗೆ ಕೇಳಲಿಲ್ಲ. 'ಎರಡು ವಾರದಿಂದ ಈ ಹಾಳೆಯನ್ನು ನಾನೇ ಮುಂದೆ ತಳ್ಳುತ್ತಿದ್ದೇನೆ, ನೀವು ಬೇಡ ಎನ್ನಲಾರದೆ ಒಪ್ಪಿಕೊಳ್ಳುತ್ತಿದ್ದೀರಿ ಎಂದು ನನಗೆ ಅನಿಸುತ್ತಿದೆ. ಹೋದ ವಾರ ನಾನು ಅದನ್ನು ನಿಮ್ಮಿಂದ ತುಂಬಿಸಿದಾಗ ನಿಮಗೆ ಹೇಗನಿಸಿತು?' ಎಂದೆ. ಆಕೆ ಮೊದಲು 'ಇಲ್ಲ ಮೇಡಂ, ಹಾಗೇನಿಲ್ಲ' ಎಂದರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ, ನೆಲ ನೋಡುತ್ತಲೇ, 'ಸಾವಿನ ಮನೆಗೆ ಬಂದವರೆಲ್ಲ ನಿನ್ನ ತಪ್ಪಿಲ್ಲ, ನಿನ್ನ ತಪ್ಪಿಲ್ಲ ಎಂದೇ ಹೇಳಿಹೋದರು. ಒಬ್ಬರೂ ಕೂತು ಆ ರಾತ್ರಿ ಏನಾಯಿತು ಅಂತ ಕೇಳಲಿಲ್ಲ. ನೀವೂ ಅದನ್ನೇ ಹಾಳೆಯ ಮೇಲೆ ಬರೆಸುತ್ತಿದ್ದೀರಿ ಅನಿಸಿತು' ಎಂದರು.

ಆ ಮಾತಿನಲ್ಲಿ ನಂಟಿಗೆ ಸಂಬಂಧಿಸಿದ ದೂರಿಗಿಂತ ಕೆಲಸಕ್ಕೆ ಸಂಬಂಧಿಸಿದ ದೂರೇ ಹೆಚ್ಚು. ಪುರಾವೆಯ ಅಂಕಣ ಆಕೆಗೆ ಬಾಯಿ ಮುಚ್ಚಿಸುವ ಸಾಂತ್ವನವಾಗಿ ಕಂಡಿತ್ತು. ನಾನು, 'ನಿಮಗೆ ಹಾಗೆ ಅನಿಸುವಂತೆ ನಡೆದುಕೊಂಡದ್ದು ನಾನು. ಆ ರಾತ್ರಿ ಏನಾಯಿತು ಎಂದು ನಾನೂ ಕೇಳಲಿಲ್ಲ' ಎಂದು ಒಪ್ಪಿಕೊಂಡೆ. ಮುಂದಿನ ಮೂರು ಭೇಟಿಗಳನ್ನು ಹಾಳೆಯಿಲ್ಲದೆ ಆ ರಾತ್ರಿಯನ್ನು ನಿಧಾನವಾಗಿ ಹೇಳುವುದಕ್ಕೆ ಕೊಡುವುದೆಂದು ಇಬ್ಬರೂ ನಿರ್ಧರಿಸಿದೆವು. ಆ ಭೇಟಿಯ ಕೊನೆಯಲ್ಲಿ ಕೆಲಸದ ಸಾಲುಗಳಿಗೆ ಬಂದ ಅಂಕ 14. ನಂಟಿನ ಸಾಲುಗಳದ್ದು 17ರಿಂದ 16ಕ್ಕೆ ಇಳಿದಿತ್ತು. ಆ ಒಂದು ಅಂಕದ ಇಳಿಕೆ ನನಗೆ ಒಳ್ಳೆಯ ಸೂಚನೆಯಾಗಿಯೇ ಕಂಡಿತು. ನನ್ನನ್ನು ನೋಯಿಸಬಾರದೆಂಬ ಎಚ್ಚರ ಆಕೆಯಲ್ಲಿ ತುಸು ಸಡಿಲಿತ್ತು.

ಬಾಂಧವ್ಯದ ಅಂಕ ಇಷ್ಟು ಚೆನ್ನಾಗಿ ಮುನ್ಸೂಚಿಸುವುದೇಕೆ ಎಂಬುದಕ್ಕೆ ನನಗೆ ತೋರುವ ಉತ್ತರ ಇದರಲ್ಲಿದೆ. ಆ ಹನ್ನೆರಡು ಪ್ರಶ್ನೆಗಳು ಚಿಕಿತ್ಸಕರ ಒಳ್ಳೆಯತನವನ್ನು ಅಳೆಯುವುದಕ್ಕಿಂತ ಹೆಚ್ಚಾಗಿ, ಮಾಡುತ್ತಿರುವ ಕೆಲಸ ಈ ವ್ಯಕ್ತಿಯ ನೋವಿಗೆ ಹೊಂದಿದೆಯೇ, ಹೊಂದದಿದ್ದರೆ ಅದನ್ನು ಹೇಳುವ ಧೈರ್ಯ ಇಲ್ಲಿ ಸಿಗುತ್ತದೆಯೇ ಎಂಬುದನ್ನು ಅಳೆಯುತ್ತವೆ. ತಂತ್ರ ಸರಿಯಾಗಿ ಕೂತರೆ ಅಂಕ ಏರುತ್ತದೆ. ಅಂಕ ಏರಿದ ಕಡೆ ರೋಗಿ ಮುಚ್ಚಿಟ್ಟದ್ದನ್ನು ಹೇಳುತ್ತಾರೆ, ಮನೆಯಲ್ಲಿ ಅಭ್ಯಾಸ ಮಾಡುತ್ತಾರೆ, ಕಷ್ಟದ ವಾರದಲ್ಲೂ ಬರುವುದನ್ನು ಬಿಡುವುದಿಲ್ಲ. ಹೀಗಿರುವಾಗ ತಂತ್ರವನ್ನೂ ಬಾಂಧವ್ಯವನ್ನೂ ಎರಡು ಬೇರೆ ಪಾಲುಗಳೆಂದು ಎದುರುಬದುರು ನಿಲ್ಲಿಸುವುದು ನನಗೆ ಸರಿಯೆನಿಸುವುದಿಲ್ಲ.

ಇದರ ಇನ್ನೊಂದು ಬದಿಯನ್ನೂ ಹೇಳಬೇಕು. ಕೈ ತೊಳೆಯುವುದನ್ನು ನಿಲ್ಲಿಸಲಾಗದ ಗೀಳಿನ ಕಾಯಿಲೆಗೆ, ನಿರ್ದಿಷ್ಟ ವಸ್ತುವಿನ ವಿಪರೀತ ಭಯಕ್ಕೆ, ಭಯ ಹುಟ್ಟಿಸುವುದನ್ನು ಹಂತಹಂತವಾಗಿ ಎದುರಿಸುವ ಚಿಕಿತ್ಸೆಯಿದೆ; ಅಲ್ಲಿ ಆ ಎದುರಿಸುವಿಕೆಯೇ ಔಷಧ. ಎಷ್ಟೇ ಅಕ್ಕರೆಯಿಂದ ಕೇಳಿಸಿಕೊಂಡರೂ, ರೋಗಿ ಕೈ ತೊಳೆಯದೆ ತಳಮಳದೊಡನೆ ಕೂರುವ ಅಭ್ಯಾಸಕ್ಕೆ ಇಳಿಯದಿದ್ದರೆ ಗೀಳು ಸಾಮಾನ್ಯವಾಗಿ ಅಲುಗುವುದಿಲ್ಲ. ರೋಗಿಗೆ ಬೇಸರವಾದೀತೆಂದು ಆ ಕೆಲಸವನ್ನೇ ಮುಂದೂಡುತ್ತ ಹೋಗುವ ಚಿಕಿತ್ಸಕರಿಗೆ ನಂಟಿನ ಅಂಕ ಮಾತ್ರ ತುಂಬಾ ಚೆನ್ನಾಗಿ ಬರಬಹುದು. ನಂಟು ಮೇಲಿದ್ದು ಗುರಿ ಮತ್ತು ಕೆಲಸದ ಅಂಕ ಕೆಳಗಿದ್ದರೆ, ಅಥವಾ ಎಲ್ಲವೂ 20ಕ್ಕೆ 20 ಬರುತ್ತಿದ್ದು ಎಂಟು ವಾರವಾದರೂ ಲಕ್ಷಣಗಳು ಇದ್ದಲ್ಲೇ ಇದ್ದರೆ, ಚಿಕಿತ್ಸೆ ಇಬ್ಬರಿಗೂ ಹಿತವಾದ ಹರಟೆಯಾಗಿದೆಯೇ ಎಂದು ಕೇಳಿಕೊಳ್ಳಬೇಕಾಗುತ್ತದೆ. ಚಿಕಿತ್ಸಕರ ಸ್ವಂತ ಅನಿಸಿಕೆ ಇಲ್ಲಿ ಅಷ್ಟು ಭರವಸೆಯದಲ್ಲ. ಒಂದೇ ಭೇಟಿಗೆ ರೋಗಿ ಕೊಡುವ ಅಂಕವೂ ಚಿಕಿತ್ಸಕರು ಕೊಡುವ ಅಂಕವೂ ಅಷ್ಟಾಗಿ ಹೊಂದುವುದಿಲ್ಲ ಎಂಬುದು ಮತ್ತೆಮತ್ತೆ ಕಂಡಿದೆ; ನನ್ನ ನಾಲ್ಕನೆಯ ಭೇಟಿಯ ಟಿಪ್ಪಣಿ ಅದಕ್ಕೆ ನನ್ನದೇ ಕೈಬರಹದ ಸಾಕ್ಷಿ.

ಆಕೆಯೊಡನೆ ಒಟ್ಟು ಹದಿನಾಲ್ಕು ಭೇಟಿಗಳಾದವು. ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 17 ಇದ್ದದ್ದು ಕೊನೆಗೆ 6ಕ್ಕೆ ಇಳಿದಿತ್ತು. ಐದನೆಯ ಭೇಟಿಯ ಆ ಮಾತುಕತೆಯೇ ಇದಕ್ಕೆ ಕಾರಣ ಎಂದು ನಾನು ಹೇಳಲಾರೆ. ಕಾಲ ಸರಿದಿತ್ತು, ಆಕೆ ಅಣ್ಣನ ಮಕ್ಕಳೊಡನೆ ಮತ್ತೆ ಮಾತನಾಡತೊಡಗಿದ್ದರು, ಮೇಲೆ ಹೇಳಿದ ಸಂಶಯಗಳೆಲ್ಲ ಈ ಒಂದು ಪ್ರಸಂಗಕ್ಕೂ ಅನ್ವಯಿಸುತ್ತವೆ. ನಾನು ಕಂಡದ್ದನ್ನಷ್ಟೇ ಹೇಳಬಲ್ಲೆ. ಒಂಬತ್ತನೆಯ ಭೇಟಿಯಲ್ಲಿ ಆಕೆ ಆ ಹಳೆಯ ಹಾಳೆಯನ್ನು ತಾವಾಗಿಯೇ ಚೀಲದಿಂದ ತೆಗೆದರು. ಅದು ತುಂಬಿತ್ತು. 'ಪುರಾವೆ' ಎಂಬ ಅಂಕಣದ ತಲೆಬರಹವನ್ನು ಪೆನ್ನಿನಿಂದ ಹೊಡೆದುಹಾಕಿ, ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ 'ಆ ರಾತ್ರಿ ನನಗೆ ಗೊತ್ತಿದ್ದದ್ದು' ಎಂದು ಬರೆದಿದ್ದರು.